ಒಬ್ಬಾಕಿ ಇರ್ತಾಳ

ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ. ನಿನ್ನೆ ಸಂಜೆ ಕೂಸಿಗೆ ಎರೆದು ಕೆಂಡದ ಮೇಲೆ ಅಜಿವಾನ, ಲೋಬಾನ ಹಾಕಿದರು. ಹೊಗೆ ಗೋಡೆ ದಾಟಿ ನನ್ನ ಅಂಗಳಕ್ಕೆ ಬಂತು. ನಾನು ಅಕ್ಕಿ ಆರಿಸುತ್ತ ಕುಳಿತಿದ್ದೆ. ಆ ವಾಸನೆಯನ್ನು ಜೀವನದಲ್ಲಿ ಸಾವಿರ ಸಲ ಕುಡಿದಿದ್ದೇನೆ, ಅದು ನನ್ನ ಕಸುಬಿನ ವಾಸನೆ. ಆದರೂ ನಿನ್ನೆ ಅದು ನನ್ನನ್ನು ನೇರ ಮಸ್ಕಿಗೆ ಒಯ್ದಿತು. ಅಲ್ಲಿ ಕಳೆದ ಆ ಒಂದು ಮಳೆಗಾಲಕ್ಕೆ.

ನನಗಾಗ ಮೂವತ್ತಮೂರು. ಜರ್ಮನಿಯ ಲಡಾಯಿ ನಡೆದಿತ್ತು, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ನಾನು ಹೈದರಾಬಾದಿನಲ್ಲಿ ಒಂದೂವರೆ ವರ್ಷ ಹೆರಿಗೆ ಕೆಲಸ ಕಲಿತು, ಲಿಂಗಸುಗೂರಿನ ಸರಕಾರಿ ದವಾಖಾನೆಯಲ್ಲಿ ಆರು ವರ್ಷ ದುಡಿದಿದ್ದೆ. ಮೃಗಶಿರಾ ಮಳೆ ಹಿಡಿಯುವ ಮುಂಚೆ ಡಾಕ್ಟರ ಸಾಹೇಬರು ಕರೆದು, "ಮಸ್ಕಿಯ ಸಣ್ಣ ದವಾಖಾನೆಗೆ ಒಬ್ಬ ಹೆಣ್ಣುಮಗಳು ಬೇಕು, ಹೋಗುತ್ತೀರಾ?" ಎಂದರು. ಹೋದೆ.

ಮದುವೆ ಆಗಿರಲಿಲ್ಲ. ವಿಧವೆಯಲ್ಲ, ಗಂಡ ಬಿಟ್ಟವಳಲ್ಲ, ದೇವರಿಗೆ ಬಿಟ್ಟವಳೂ ಅಲ್ಲ. ಬಂದ ಸಂಬಂಧಗಳನ್ನು ನಾನೇ ಒಲ್ಲೆ ಎಂದಿದ್ದೆ. ಇದಿಷ್ಟನ್ನು ಹೇಳುವುದು ಸುಲಭ. ಕೇಳುವವರಿಗೆ ಮಾತ್ರ ಇದು ಅರ್ಧ ಹೇಳಿ ಬಿಟ್ಟ ಮಾತಿನಂತೆ ಕಾಣುತ್ತಿತ್ತು. ಉಳಿದ ಅರ್ಧ ಎಲ್ಲಿದೆ ಎಂದು ಎಲ್ಲರೂ ಹುಡುಕುತ್ತಿದ್ದರು.

ಮಸ್ಕಿಯಲ್ಲಿ ಮನೆ ಹುಡುಕಲು ಹೊರಟ ದಿನವೇ ಅದು ಶುರುವಾಯಿತು. ಬಾಗಿಲಿಗೆ ಬಂದ ಹೆಂಗಸು ಮೊದಲು ನನ್ನ ಕೊರಳು ನೋಡುತ್ತಿದ್ದಳು, ಆಮೇಲೆ ಕಾಲ್ಬೆರಳು. ತಾಳಿ ಇಲ್ಲ, ಕಾಲುಂಗುರ ಇಲ್ಲ. ಆದರೆ ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ. ಲೆಕ್ಕ ಕೂಡುತ್ತಿರಲಿಲ್ಲ. "ನಿಮ್ಮ ಮನಿಯವರು ಎಲ್ಲಿರ್ತಾರ್ರಿ?" ಎನ್ನುತ್ತಿದ್ದರು. ಇಲ್ಲ ಎಂದರೆ, "ಸತ್ತಾರೇನ್ರಿ?" ಅದೂ ಇಲ್ಲ ಎಂದರೆ ಬಾಗಿಲು ಮೆಲ್ಲಗೆ ಅರ್ಧ ಮುಚ್ಚಿಕೊಳ್ಳುತ್ತಿತ್ತು. "ನಮ್ಮ ಮನಿ ಗಂಡಸರು ಊರಾಗಿಲ್ರಿ, ಕೇಳಿ ಹೇಳ್ತೀವಿ."

ದವಾಖಾನೆಯ ಕಂಪೌಂಡರ್ ಹುಸೇನಸಾಬ ಐವತ್ತು ದಾಟಿದ ಮನುಷ್ಯ. ನಾಲ್ಕು ಮನೆ ತಿರುಗಿ ಬಂದ ನನಗೆ ಆತ ಹೇಳಿದ: "ಬಾಯಿ, ಒಂದು ಮಾತು ಹೇಳ್ತೀನಿ. ಗಂಡ ಫೌಜಿನಾಗ ಅದಾನ, ಲಡಾಯಿಗೆ ಹೋಗ್ಯಾನ ಅನ್ರಿ. ಒಂದು ಕರಿಮಣಿ ಕಟ್ಟಿಕೊಳ್ರಿ. ಯಾರು ಹೋಗಿ ನೋಡ್ತಾರ?"

"ಲಡಾಯಿ ಮುಗದ ಮ್ಯಾಲ ಏನ್ ಮಾಡಲಿ? ಸಾಯಸಲೇನು ಆತನ್ನ?" ಎಂದೆ. ಹುಸೇನಸಾಬ ನಕ್ಕ. ನನಗೆ ನಗು ಬರಲಿಲ್ಲ. ಯಾಕೆಂದರೆ ಒಂದು ಕ್ಷಣ ಆ ಕರಿಮಣಿಯ ಆಸೆ ನನಗೂ ಆಗಿತ್ತು. ಅದೊಂದಿದ್ದರೆ ಎಲ್ಲ ಬಾಗಿಲೂ ತೆರೆಯುತ್ತಿದ್ದವು.

ಕೊನೆಗೆ ಮನೆ ಕೊಟ್ಟವಳು ರುಕ್ಕಮ್ಮ. ಅರವತ್ತರ ಹತ್ತಿರದ ವಿಧವೆ, ಕೋಮಟಿಗರ ಪೈಕಿ. ಬಜಾರಿನ ಹಿಂದಿನ ಓಣಿಯಲ್ಲಿ ಅಣ್ಣನ ಮಕ್ಕಳು ಬಿಟ್ಟುಕೊಟ್ಟ ಹಳೆಯ ಮನೆಯಲ್ಲಿ ಒಬ್ಬಳೇ ಇದ್ದಳು. ನಡುಗೋಡೆ ಹಾಕಿ ಅರ್ಧ ನನಗೆ ಕೊಟ್ಟಳು. "ನೀವು ಲಿಂಗಾಯತರು, ಅಡಗು ಗಿಡಗು ತಿನ್ನಾಂಗಿಲ್ಲ. ನನಗ ಅಷ್ಟ ಸಾಕು. ಉಳಿದದ್ದು ನಿನ್ನ ಕರ್ಮ," ಎಂದಳು. ಆದರೆ ಅಂಗಳ ಇಬ್ಬರಿಗೂ ಒಂದೇ, ಬಾವಿ ಒಂದೇ, ಬಟ್ಟೆ ಒಣಹಾಕುವ ಹಗ್ಗ ಒಂದೇ. ನನ್ನ ಬದುಕಿನಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಆದರೂ ಎಲ್ಲವೂ ತೆರೆದಿದೆ ಎಂದು ಗೊತ್ತಾದ ಮೇಲೆ ಎಲ್ಲವನ್ನೂ ಮುಚ್ಚಿಡಬೇಕು ಅನ್ನಿಸತೊಡಗಿತು.

ಮಳೆ ಹಿಡಿಯಿತು. ಮಸ್ಕಿಯ ಸುತ್ತಲಿನ ಎರೆ ಭೂಮಿ ನೆನೆದರೆ ಕಾಲು ಎತ್ತಿದಾಗ ಒಂದು ಸೇರು ಮಣ್ಣು ಜೊತೆಗೆ ಬರುತ್ತದೆ. ಹಳ್ಳಿಗಳಿಂದ ಬಂಡಿ ತಂದು ಕರೆಯುತ್ತಿದ್ದರು. ಬಂಡಿ ಹೂತುಹೋದರೆ ಇಳಿದು ನಡೆಯುತ್ತಿದ್ದೆ. ಹೆರಿಗೆಗೆ ಹೊತ್ತು ಗೊತ್ತು ಇರುವುದಿಲ್ಲ. ಬೇನೆ ತಿನ್ನುವ ಹೆಂಗಸಿನ ಗಂಡನೋ ಮೈದುನನೋ ಬಂದು ನನ್ನ ಬಾಗಿಲು ಬಡಿಯುತ್ತಿದ್ದರು. ಅವರಿಗೆ ನಾನು ದೇವರು. ಎದುರು ಮನೆಯ ಕಿಟಕಿಗೆ ಮಾತ್ರ ನಾನು ಗಂಡಸಿನ ಜೊತೆ ಹೊರಟ ಹೆಂಗಸು.

ಹನ್ನೆರಡನೆಯ ದಿನ ತೊಟ್ಟಿಲು ಕಾರ್ಯಕ್ಕೆ ಕರೆಯುತ್ತಿದ್ದರು. ಕೊಬ್ಬರಿ, ಕುಪ್ಪಸದ ಖಣ ಕೊಡುತ್ತಿದ್ದರು. ಆದರೆ ತೊಟ್ಟಿಲಿಗೆ ಕೂಸು ಹಾಕುವಾಗ ಐದು ಜನ ಮುತ್ತೈದೆಯರು ಬೇಕು. ಕೂಸನ್ನು ಮೊದಲು ಮುಟ್ಟಿದ ಕೈ ನನ್ನದು. ತೊಟ್ಟಿಲು ಮುಟ್ಟುವ ಹಾಗಿಲ್ಲ. ವಿಧವೆಯರು ತಾವಾಗಿ ಒಳಕೋಣೆಗೆ ಸರಿಯುತ್ತಿದ್ದರು, ಅವರ ಜಾಗ ಅವರಿಗೆ ಗೊತ್ತಿತ್ತು. ನನ್ನ ಜಾಗ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಒಂದು ಮನೆಯಲ್ಲಿ ಯಜಮಾನಿ ಬಹಳ ವಿಚಾರ ಮಾಡಿ, ಮದುವೆಯಾಗದವಳು ಎಂದು, ಕನ್ನೆಯರ ಸಾಲಿನಲ್ಲಿ ಕೂರಿಸಿ ನನಗೂ ಉಡಿ ತುಂಬಿದಳು. ನನ್ನ ಎಡಕ್ಕೂ ಬಲಕ್ಕೂ ಒಂಬತ್ತು ಹತ್ತು ವರ್ಷದ ಹುಡುಗಿಯರು. ಅವರು ಬಾಯಿಗೆ ಕೈ ಒತ್ತಿ ನಗುತ್ತಿದ್ದರು. ಯಜಮಾನಿಯದು ಒಳ್ಳೆಯ ಮನಸ್ಸೇ. ಆದರೆ ಮನೆಗೆ ಬರುತ್ತ ದಾರಿಯುದ್ದಕ್ಕೂ ಅದು ಒಳ್ಳೆಯ ಮನಸ್ಸೋ ಚೇಷ್ಟೆಯೋ ಎಂದು ಮನಸ್ಸಿನಲ್ಲೇ ತಿರುಗಿಸಿ ತಿರುಗಿಸಿ ನೋಡಿದೆ.

ದವಾಖಾನೆಗೆ ಹೊಟ್ಟೆನೋವು ಎಂದು ಬರುವವರು ಹೆಚ್ಚಾದರು. ಎರಡು ಹೆಂಗಸರು ಜೋಡಿಯಾಗಿ ಬರುತ್ತಿದ್ದರು. ಎಲ್ಲಿ ನೋವು ಎಂದರೆ ಒಬ್ಬಳು ಪಕ್ಕೆ ತೋರಿಸುವಳು, ಮರುಕ್ಷಣ ಹೊಕ್ಕುಳ. ನಾನು ಮುಟ್ಟಿ ನೋಡುತ್ತಿದ್ದರೆ ಅವರು ನನ್ನನ್ನು ನೋಡುತ್ತಿದ್ದರು.

"ನಿಮಗ ಸೈತ ಹಿಂಗ ನೋವು ಬರತೈತೇನ್ರಿ ಬಾಯಾರ?" ಒಬ್ಬಳು ಕೇಳಿದಳು.

"ಯಾಕವ್ವ?"

"ಅಲ್ಲ, ತಿಂಗಳಾ ಆಗೂಮುಂದ... ನಿಮಗ ಆಗತೈತಲ್ರಿ?"

ಆಗ ತಿಳಿಯಿತು. ನಾನು ಹೆಣ್ಣೇ ಅಲ್ಲವಂತೆ, ಅದಕ್ಕೇ ಮದುವೆ ಇಲ್ಲವಂತೆ. ಈ ಮಾತು ಒಂದು ವಾರ ಓಡಾಡಿತು. ಆಮೇಲೆ ತಾನೇ ನಿಂತಿತು. ಹೇಗೆ ನಿಂತಿತು ಎಂದು ಯೋಚಿಸಿದಾಗ ಅಂಗಳದ ಹಗ್ಗ ಕಣ್ಣಿಗೆ ಬಿತ್ತು. ಹಿಂದಿನ ವಾರ ಅಲ್ಲಿ ನನ್ನ ಮುಟ್ಟಿನ ಬಟ್ಟೆ ಒಣಗಿದ್ದವು. ಅದನ್ನು ನೋಡಿ ಓಣಿಗೆ ವರದಿ ಕೊಟ್ಟವರು ಯಾರು? ರುಕ್ಕಮ್ಮನಲ್ಲದೆ ಇನ್ನಾರು? ನನ್ನ ಪರವಾಗಿಯೇ ಹೇಳಿದ್ದಳು ಅನ್ನಿ. ಆದರೂ ಅವತ್ತಿನಿಂದ ಬಟ್ಟೆಯನ್ನು ಒಳಗೆ, ಒಲೆಯ ಹತ್ತಿರ ಒಣಗಿಸಿದೆ. ಅದಕ್ಕೆ ಇನ್ನೊಂದು ಕಥೆ ಹುಟ್ಟಿತು: ಬಟ್ಟೆ ಯಾಕೆ ಕಾಣುತ್ತಿಲ್ಲ, ಎಷ್ಟು ತಿಂಗಳು?

ಶ್ರಾವಣದಲ್ಲಿ ನನ್ನ ಜೊತೆ ಕಲಿತ ಗೆಳತಿಯೊಬ್ಬಳಿಗೆ ಸಿಂಧನೂರಿನಲ್ಲಿ ಜ್ವರ ಹಿಡಿದಿತ್ತು. ನೋಡಿಕೊಳ್ಳುವವರಿಲ್ಲ, ಬಾ ಎಂದು ಹೇಳಿ ಕಳಿಸಿದಳು. ನಾಲ್ಕು ದಿನ ರಜೆ ಕೇಳುವಾಗ ಹುಸೇನಸಾಬನಿಗೆ ನಮ್ಮೂರು ಮುಕ್ಕುಂದಕ್ಕೆ ಹೋಗುತ್ತೇನೆ ಎಂದೆ. ಸಿಂಧನೂರು ಎಂದರೆ ಯಾರ ಮನೆ, ಯಾಕೆ ಎಂದು ಪ್ರಶ್ನೆ ಏಳುತ್ತವೆ, ತವರು ಎಂದರೆ ಏಳುವುದಿಲ್ಲ. ಖರೆ ಎಲ್ಲಿಗೆ ಹೊರಟಿದ್ದೇನೆಂದು ಹೇಳಿದ್ದು ರುಕ್ಕಮ್ಮನೊಬ್ಬಳಿಗೆ. ಬಾಗಿಲ ಕೀಲಿ ಆಕೆಯ ಕೈಗೆ ಕೊಡಬೇಕಿತ್ತಲ್ಲ.

ಭಾದ್ರಪದ ಮುಗಿಯುತ್ತ ಬಂದಾಗ, ಒಂದು ಮಧ್ಯಾಹ್ನ ಹುಸೇನಸಾಬ ಔಷಧದ ಬಾಟಲಿ ತೊಳೆಯುತ್ತ ನನ್ನ ಮುಖ ನೋಡದೆ ಹೇಳಿದ: "ಬಾಯಿ, ನಿಮ್ಮ ಮ್ಯಾಲ ಅರ್ಜಿ ಬಂದೈತಿ. ಲಿಂಗಸುಗೂರಿಗೆ, ತಹಸೀಲ್ದಾರ ಸಾಹೇಬರ ಹತ್ತಿರ. ಹೆಸರಿಲ್ಲದ ಅರ್ಜಿ."

"ಏನಂತ?"

"ಪೂರಾ ಗೊತ್ತಿಲ್ಲ. ನಡತಿ ಸರಿ ಇಲ್ಲ ಅಂತ. ಶ್ರಾವಣದಾಗ ಊರಿಗೆ ಹೋಗ್ತೀನಂತ ಸುಳ್ಳು ಹೇಳಿ ಸಿಂಧನೂರಾಗ ನಾಲ್ಕು ದಿನ ಇದ್ರಿ ಅಂತ ಬರದಾರಂತ."

ಕೆಲಸ ಹೋದರೆ ನನಗೆ ಉಳಿಯುವುದು ಅಣ್ಣನ ಮನೆಯ ಮೂಲೆ. ಅಲ್ಲಿಂದ ಮುಂದೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ. ಆದರೆ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡಿದ್ದು ಅದಲ್ಲ. ಸಿಂಧನೂರು ಎನ್ನುವ ಮಾತು. ಗೊತ್ತಿದ್ದದ್ದು ಒಬ್ಬಳಿಗೇ.

ಮನೆಗೆ ಬಂದೆ. ರುಕ್ಕಮ್ಮ ಮೊರದಲ್ಲಿ ಜೋಳ ಕೇರುತ್ತಿದ್ದಳು. "ಬಂದೇನವ್ವ? ಮಾರಿ ಯಾಕ ಹಂಗಾಗೈತಿ?" ಎಂದಳು. ಆ ಪ್ರಶ್ನೆಯಲ್ಲೇ ನನಗೆ ಸಾಕ್ಷಿ ಕಂಡಿತು. ಮುಖ ಬಾಡುವಂಥದ್ದು ಆಗಿದೆ ಎಂದು ಆಕೆಗೆ ಹೇಗೆ ಗೊತ್ತು? ಅವತ್ತಿನಿಂದ ನಾನು ಆಕೆಯನ್ನು ಕಾಯತೊಡಗಿದೆ. ಎಷ್ಟು ಹೊತ್ತಿಗೆ ಹೊರಗೆ ಹೋಗುತ್ತಾಳೆ, ಯಾರ ಕಟ್ಟೆಯ ಮೇಲೆ ಕೂರುತ್ತಾಳೆ. ಪೊಲೀಸ್ ಪಾಟೀಲರ ಹೆಂಡತಿಯ ಜೊತೆ ಬಾವಿಯ ಹತ್ತಿರ ಮಾತಾಡುತ್ತಿದ್ದವಳು ನನ್ನನ್ನು ಕಂಡು ಸುಮ್ಮನಾದಳು. ಅರ್ಜಿ ಬರೆಯುವವನು ಕೂರುವ ಕಟ್ಟೆಯ ಕಡೆಯಿಂದ ಒಂದು ದಿನ ಬಂದಳು, ಕೈಯಲ್ಲಿ ಬೆಲ್ಲ. ಬೆಲ್ಲದ ಅಂಗಡಿ ಆ ಕಡೆಯೇ ಇತ್ತು, ಆದರೆ ನನಗೆ ಬೆಲ್ಲ ಕಾಣಲಿಲ್ಲ. ಓಣಿಯ ಹೆಂಗಸರು, ಎಷ್ಟು ಜನರಿಗೆ ಮಾಡಿದಳೋ ಎಂದು ನನ್ನ ರೊಟ್ಟಿ ಎಣಿಸುತ್ತಾರೆ ಅಂತ ಸಿಟ್ಟಾಗುತ್ತಿದ್ದ ನಾನು ಒಬ್ಬ ಮುದುಕಿಯ ಹೆಜ್ಜೆ ಎಣಿಸುತ್ತಿದ್ದೆ.

ಒಂದು ವಾರ ತಡೆದೆ. ಆಮೇಲೆ ಟ್ರಂಕು ಎತ್ತಿಕೊಂಡು ದವಾಖಾನೆಯ ಹಿಂದಿನ ಸಾಮಾನು ಕೋಣೆಗೆ ಹೋದೆ. ಅದರ ಮಾಳಿಗೆ ಎರಡು ಕಡೆ ಸೋರುತ್ತಿತ್ತು. ರುಕ್ಕಮ್ಮ ಬಾಗಿಲಲ್ಲಿ ನಿಂತು, "ನನ್ನಿಂದ ಏನ್ ತಪ್ಪಾತು ಹೇಳಿ ಹೋಗು," ಎಂದಳು.

"ಏನಿಲ್ರಿ. ಅಲ್ಲಿ ಹತ್ತಿರ ಆಗತೈತಿ," ಎಂದೆ. ಆಕೆ ನಂಬಲಿಲ್ಲ. ನಂಬಬಾರದು ಎಂದೇ ನಾನೂ ಹಾಗೆ ಹೇಳಿದ್ದೆ.

ಹಸ್ತ ಮಳೆಯ ನಡುವೆ ಎರಡು ದಿನ ಬಿಸಿಲು ಬಿತ್ತು. ರೈತರೆಲ್ಲ ಹಿಂಗಾರಿ ಜೋಳ ಬಿತ್ತಲು ಹೊಲಕ್ಕೆ ಓಡಿದರು. ಆ ಬಿಸಿಲಿನಲ್ಲೇ ತಹಸೀಲ್ದಾರ ಸಾಹೇಬರು ತಹಕೀಕಾತಿಗೆ, ಅಂದರೆ ವಿಚಾರಣೆಗೆ, ಬಂದರು. ಚಾವಡಿಯಲ್ಲಿ ಮೇಜು ಹಾಕಿದ್ದರು. ಸಾಹೇಬರ ಗುಮಾಸ್ತ ಪೇಶ್ಕಾರ, ಪೊಲೀಸ್ ಪಾಟೀಲರು, ಊರಿನ ಏಳೆಂಟು ಹಿರಿಯರು. ನಾನೊಬ್ಬಳೇ ಹೆಂಗಸು. ಸಾಹೇಬರು ವಯಸ್ಸಾದವರು, ಕಣ್ಣಿಗೆ ದಪ್ಪ ಚಷ್ಮಾ. ಪೇಶ್ಕಾರನಿಗೆ ಅರ್ಜಿ ಓದಲು ಹೇಳಿದರು.

ಕಚೇರಿಯ ಕಾಗದವೆಲ್ಲ ಆಗ ಉರ್ದುವಿನಲ್ಲೇ, ನನಗೆ ಅದು ಬರುತ್ತಿತ್ತು. ಹೈದರಾಬಾದಿನಲ್ಲಿ ಅದರಲ್ಲೇ ಕಲಿತಿದ್ದೆ. ಅರ್ಜಿಯಲ್ಲಿ ಮೊದಲು ಸಲಾಮು, ಆಮೇಲೆ ಸಾಲು ಸಾಲು ದೊಡ್ಡ ದೊಡ್ಡ ಮಾತು. ಈ ಹೆಂಗಸು ಬದಚಲನ್, ಅಂದರೆ ನಡತೆಗೆಟ್ಟವಳು. ಪರಗಂಡಸರ ಜೊತೆ ವೇಳೆಯಲ್ಲದ ವೇಳೆಯಲ್ಲಿ ತಿರುಗುತ್ತಾಳೆ. ಸರಕಾರಿ ಕೆಲಸದ ಮರೆಯಲ್ಲಿ ಹೇಳಬಾರದ ದಂಧೆ ನಡೆಸುತ್ತಾಳೆ. ಇವಳಿಂದ ಊರಿನ ಕುಲೀನ ಹೆಣ್ಣುಮಕ್ಕಳು ಕೆಡುತ್ತಾರೆ. ಆಮೇಲೆ ಸಿಂಧನೂರು. ಕೊನೆಗೆ: ಮುಕ್ಕುಂದದ ಈ ಚೆನ್ನವ್ವ ತಾನೇ ಮೂರು ಸಂಬಂಧ ತಿರಸ್ಕರಿಸಿದವಳು. ಜವಳಗೇರಾದ ವರ, ಸಿಂಧನೂರಿನ ದಲಾಲನ ಮಗ, ಮತ್ತು ಸ್ವಂತ ಸೋದರಮಾವ. ಇದರಿಂದಲೇ ಇವಳ ಮನಸ್ಸು ಎಂಥದೆಂದು ತಿಳಿಯಬಹುದು.

ಮಸ್ಕಿಯಲ್ಲಿ ನನ್ನನ್ನು ಎಲ್ಲರೂ ನರ್ಸ್ ಅಂತ ನರಸಬಾಯಿ ಎನ್ನುತ್ತಿದ್ದರು, ಚೆನ್ನವ್ವ ಎಂದು ಕರೆದವರಿಲ್ಲ. ಆ ಮೂರು ಸಂಬಂಧದ ಮಾತನ್ನು ಇಲ್ಲಿ ಯಾರಿಗೂ ಹೇಳಿರಲಿಲ್ಲ. ರುಕ್ಕಮ್ಮನಿಗಂತೂ ಇಲ್ಲವೇ ಇಲ್ಲ. ಅದು ಗೊತ್ತಿದ್ದದ್ದು ನಮ್ಮ ಮನೆಯವರಿಗೆ.

ಸಾಹೇಬರು ಚಷ್ಮಾ ತೆಗೆದು ಒರೆಸಿಕೊಂಡು ಕೇಳಿದರು: "ಬಾಯಿ, ಇಷ್ಟು ವಯಸ್ಸಾತು. ಶಾದಿ ಯಾಕ ಮಾಡ್ಕೊಂಡಿಲ್ಲ?"

"ಮಾಡ್ಕೋಬೇಕಂತ ಸರಕಾರದ ಕಾಯಿದೆದಾಗ ಐತೇನ್ರಿ ಸಾಹೇಬರ?"

ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಸಾಹೇಬರು ಸಿಟ್ಟಾಗಲಿಲ್ಲ. "ಕಾಯಿದೆದಾಗ ಇಲ್ಲ. ಆದರ ಅರ್ಜಿ ಅದರ ಮ್ಯಾಲೇ ನಿಂತೈತಿ," ಎಂದರು. ಹುಸೇನಸಾಬ ಹೆರಿಗೆಯ ವಹಿ ತಂದಿಟ್ಟ. ಯಾವ ದಿನ, ಯಾವ ಹಳ್ಳಿ, ಕರೆಯಲು ಬಂದವನು ಯಾರು, ಎಲ್ಲ ಅದರಲ್ಲಿ ಬರೆದಿತ್ತು. ಸಾಹೇಬರು ಬೆರಳಿಟ್ಟು ಓದಿದರು. ಆಮೇಲೆ, ಇವರ ಪರ ಅಥವಾ ವಿರುದ್ಧ ಯಾರಾದರೂ ಮಾತಾಡುವವರಿದ್ದಾರೆಯೇ ಎಂದರು. ಊರಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಇವರಲ್ಲಿ ನಾಲ್ವರ ಮೊಮ್ಮಕ್ಕಳು ನನ್ನ ಕೈಯಲ್ಲಿ ಹುಟ್ಟಿದ್ದರು. ಯಾರೂ ಬಾಯಿ ಬಿಡಲಿಲ್ಲ. ಪರವಾಗಿ ಮಾತಾಡಿದರೆ, ನಿನಗೇನು ಸಂಬಂಧ ಎಂದು ಕೇಳುತ್ತಾರಲ್ಲ.

ಆಗ ಚಾವಡಿಯ ಮೆಟ್ಟಿಲು ಹತ್ತಿ ರುಕ್ಕಮ್ಮ ಬಂದಳು. ತಲೆಯ ಮೇಲೆ ಸೆರಗು, ಕಾಲಿಗೆಲ್ಲ ಕೆಸರು. ಆಕೆ ಚಾವಡಿಗೆ ಬಂದದ್ದು ಅದೇ ಮೊದಲಂತೆ. ಯಾವ ಕಡೆ ಮಾತಾಡುತ್ತಾಳೋ ನನಗೆ ಆಗಲೂ ಗೊತ್ತಿರಲಿಲ್ಲ.

"ಸಾಹೇಬರ, ಈಕಿ ನಾಲ್ಕು ತಿಂಗಳು ನನ್ನ ಮನ್ಯಾಗಿದ್ಲು," ಎಂದಳು. "ನಾ ಈಕೀನ ಕಣ್ಣಾಗ ಎಣ್ಣಿ ಬಿಟ್ಟು ಕಾದೀನಿ. ಸುಳ್ಳು ಯಾಕ ಹೇಳ್ಲಿ, ಏನರ ಸಿಗತೈತೇನಂತ ಕಾದೀನಿ. ಒಬ್ಬಾಕಿ ಹೆಂಗಸು, ಏನರ ಇರಬೇಕಲ್ಲ ಅಂತ. ಯಾರ ಬಂದ್ರು, ಎಷ್ಟು ರೊಟ್ಟಿ ಬಡದ್ಲು, ಎಲ್ಲಾ ನೋಡೀನಿ. ಏನೂ ಸಿಗಲಿಲ್ಲ. ಸಿಕ್ಕಿದ್ರ ಊರಿಗೆ ಮೊದಲ ನಾನ ಹೇಳ್ತಿದ್ದೆ."

ಪೇಶ್ಕಾರ ನಕ್ಕುಬಿಟ್ಟ. ಸಾಹೇಬರೂ ಗಡ್ಡದ ಮೇಲೆ ಕೈ ಇಟ್ಟುಕೊಂಡರು. "ಇದಕ್ಕಿಂತ ದೊಡ್ಡ ಗವಾಹಿ, ಸಾಕ್ಷಿ ಬೇಡ," ಎಂದು ಅರ್ಜಿಯನ್ನು ಖಾರಿಜು ಮಾಡಿ ತಳ್ಳಿಹಾಕಿದರು. ನಾನು ಅರ್ಜಿಯ ನಕಲು ಕೇಳಿದೆ. ಯಾಕೆ ಎಂದರು. ಇಟ್ಟುಕೊಳ್ಳಲು ಎಂದೆ. ಪೇಶ್ಕಾರ ಅಲ್ಲೇ ಕೂತು ಬರೆದು ಕೊಟ್ಟ.

ಹೊರಗೆ ಬೇವಿನ ಮರದ ಕೆಳಗೆ ರುಕ್ಕಮ್ಮನ ಮುಂದೆ ನಿಂತೆ. "ಸಿಂಧನೂರಿನ ಸುದ್ದಿ ನೀವು ಯಾರಿಗರ ಹೇಳಿದ್ರೇನ್ರಿ?" ಎಂದಷ್ಟೇ ಕೇಳಿದೆ.

"ಓಣ್ಯಾಗ ಯಾರಿಗೂ ಇಲ್ಲ. ನಿಮ್ಮಣ್ಣ ಬಂದಿದ್ನಲ್ಲ, ಸಂತಿ ದಿನ, ಆತನ ಮುಂದ ಅಂದೆ. ನೀ ಹಳ್ಳಿಗೆ ಹೆರಿಗಿಗೆ ಹೋಗಿದ್ದಿ. ಶ್ರಾವಣದಾಗ ನೀ ಊರಿಗೆ ಹೋಗಿದ್ದಿ ಅಂತ ದವಾಖಾನ್ಯಾಗ ಯಾರೋ ಆತಗ ಅಂದಿದ್ರಂತ, ತಂಗಿ ಊರಿಗೆ ಬಂದಿಲ್ಲ, ಎಲ್ಲಿಗೆ ಹೋಗಿದ್ಲು ಅಂತ ಆತನೇ ಕೇಳಿದ. ಒಡಹುಟ್ಟಿದಾತಗ ಹೇಳಿದ್ರ ಏನಾತು ಅಂದ್ಕೊಂಡೆ." ಆಕೆ ನನ್ನ ಮುಖ ನೋಡಿದಳು. "ಅದಕ್ಕ ಮನಿ ಬಿಟ್ಟೇನು?"

ನಾನು ತಲೆ ತಗ್ಗಿಸಿದೆ. ಅಣ್ಣ ಬಂದದ್ದೇ ನನಗೆ ಗೊತ್ತಿರಲಿಲ್ಲ.

ಮರುದಿನ ಮೋಟರು ಹತ್ತಿ ಸಿಂಧನೂರಿಗೆ, ಅಲ್ಲಿಂದ ಬಂಡಿಯಲ್ಲಿ ಮುಕ್ಕುಂದಕ್ಕೆ ಹೋದೆ. ಆಗಿನ್ನೂ ಆ ಕಡೆ ಕಾಲುವೆ ಬಂದಿರಲಿಲ್ಲ, ಎರಡೂ ಬದಿಗೆ ಜೋಳ, ಹತ್ತಿ. ಅಣ್ಣ ಶಿವಪ್ಪ ದನದ ಕೊಟ್ಟಿಗೆಯಲ್ಲಿ ಎತ್ತಿನ ಕಾಲು ತೊಳೆಯುತ್ತಿದ್ದ. ನನ್ನನ್ನು ಕಂಡದ್ದೇ ಅವನ ಕೈ ನಿಂತಿತು. ನಾನು ಕೇಳುವ ಮೊದಲೇ, "ಕೆಲಸ ಹೋತೇನು?" ಎಂದ. ಆ ಒಂದು ಮಾತಿಗೆ ಉಳಿದದ್ದೆಲ್ಲ ಮುಗಿಯಿತು.

"ಹೋಗಿಲ್ಲ. ನೀನ ಬರೆಸಿದ್ದೇನು ಅಣ್ಣ?"

ಸುಳ್ಳು ಹೇಳಲಿಲ್ಲ. ಹೇಳಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು. ಕೈ ಒರೆಸಿಕೊಂಡು ಹುಲ್ಲಿನ ಹೊರೆಯ ಮೇಲೆ ಕೂತ. ಅವನ ಮಗಳು ಪಾರ್ವತಿಗೆ ಹನ್ನೆರಡು ತುಂಬಿತ್ತು. ಎರಡು ಕಡೆಯಿಂದ ನೋಡಿ ಹೋಗಿದ್ದರು. ಹುಡುಗಿ ಒಪ್ಪಿಗೆ, ಮನೆತನ ಒಪ್ಪಿಗೆ. ಆಮೇಲೆ ಒಂದೇ ಪ್ರಶ್ನೆ.

"ನಿಮ್ಮ ತಂಗಿ ಯಾಕ ಆಗಿಲ್ಲ ಅಂತಾರ," ಎಂದ ಅಣ್ಣ. "ರೋಗ ಐತೇನು? ಮನತನದಾಗ ಏನರ ಐಬ ಐತೇನು? ಹೆಣ್ಣು ಅತ್ತೀನ ಹೋಲತಾವ, ನಾಳೆ ಈಕೀನೂ ಹಂಗ ಹಟ ಹಿಡದ್ರ ಅಂತಾರ. ನಾ ಏನ್ ಹೇಳ್ಲಿ? ಆಕಿಗೆ ಮನಸ್ಸಿಲ್ಲ ಅಂದ್ರ ನಗತಾರ. ಮನಸ್ಸಿಲ್ಲ ಅನ್ನೋದು ಒಂದು ಕಾರಣ ಏನಬೇ?"

ಅತ್ತಿಗೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ಆಕೆ ಒಳಗಿನಿಂದಲೇ ಹೇಳಿದಳು: "ಬ್ಯಾಸಗ್ಯಾಗ ಮಾವನ ಹೇಣ್ತಿ ತೀರಿಕೊಂಡಾಳ. ಮೂರು ಮಕ್ಕಳು. ನೀ ಕೆಲಸ ಬಿಟ್ಟು ಬಂದ್ರ, ಆತ ಈಗೂ ನಿನ್ನ ಮಾಡ್ಕೋತೀನಿ ಅಂತಾನ. ಎಲ್ಲಾ ಸರಿ ಆಗ್ತಿತ್ತು."

ಎಲ್ಲ ಲೆಕ್ಕವೂ ಹಾಕಿಟ್ಟಿದ್ದರು. ಕೆಲಸ ಹೋದರೆ ಮನೆಗೆ ಬರುತ್ತಾಳೆ, ಮನೆಗೆ ಬಂದರೆ ಒಪ್ಪುತ್ತಾಳೆ. ನನ್ನ ಮೇಲೆ ದ್ವೇಷದಿಂದ ಮಾಡಿದ್ದಲ್ಲ ಅದು. ದ್ವೇಷವಾಗಿದ್ದರೆ ಅರ್ಥ ಮಾಡಿಕೊಳ್ಳಬಹುದಿತ್ತು.

"ಬರದದ್ದು ಏನಂತ ಗೊತ್ತೈತೇನು ನಿನಗ?" ಎಂದೆ. ಅಣ್ಣನಿಗೆ ಉರ್ದು ಬರುವುದಿಲ್ಲ. ಸಿಂಧನೂರಿನ ಕಚೇರಿಯ ಮುಂದೆ ಕೂರುವ ಅರ್ಜಿ ಬರೆಯುವವನಿಗೆ ಬಾಯಲ್ಲಿ ಹೇಳಿ ಬರೆಸಿದ್ದ. ನಾನು ನಕಲು ತೆಗೆದು, ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳುತ್ತ ಹೋದೆ. ನಡತೆಗೆಟ್ಟವಳು. ಪರಗಂಡಸರು. ಹೇಳಬಾರದ ದಂಧೆ. ಬೇರೆ ಯಾರದೋ ಕಾಗದ ಓದುವ ಹಾಗೆ ಓದಿದೆ. ಅರ್ಧಕ್ಕೆ ಅಣ್ಣ, "ಸಾಕು ಬಿಡು," ಎಂದ. ನಾನು ಕೊನೆಯ ಸಾಲಿನವರೆಗೂ ಓದಿದೆ.

"ಶಿವನಾಣಿ ಚೆನ್ನವ್ವ, ಇಷ್ಟೆಲ್ಲಾ ಬರಿ ಅಂತ ನಾ ಅಂದಿಲ್ಲ," ಎಂದ. ಅವನ ಕಣ್ಣಲ್ಲಿ ನೀರಿತ್ತು.

"ನೀ ಏನಂದಿದ್ದಿ?"

"ಮದುವಿ ಆಗಿಲ್ಲ, ಮೂರು ಸಂಬಂಧ ಒಲ್ಲೆ ಅಂದಾಳ. ಊರಿಗಂತ ಹೇಳಿ ಸಿಂಧನೂರಿಗೆ ಹೋಗಿದ್ಲು. ಒಬ್ಬಾಕಿ ಇರ್ತಾಳ. ಯಾರರ ಕರದ್ರ ಹೊತ್ತಿಲ್ಲದ ಹೊತ್ತಿಗೆ ಹೋಗ್ತಾಳ. ಇಷ್ಟ ಅಂದೀನಿ."

"ಹಂಗಾರ ಆತ ಸರಿಯಾಗೇ ಬರದಾನ ಬಿಡು," ಎಂದೆ. "ನೀ ಅಂದದ್ದನ್ನ ಉರ್ದುದಾಗ ಬರದಾನ, ಅಷ್ಟ."

ಊಟ ಮಾಡಿ ಹೋಗು ಎಂದು ಅತ್ತಿಗೆ ಹೇಳಿದಳು. ಪಾರ್ವತಿ ತಾಟು ತಂದಿಟ್ಟು, ನನ್ನನ್ನು ಹೊಸಬಳಂತೆ ನೋಡಿ ಒಳಗೆ ಓಡಿದಳು. ಅವಳ ಕಣ್ಣಲ್ಲೂ ಅದೇ ಪ್ರಶ್ನೆ ಇತ್ತೋ, ನನಗೆ ಹಾಗೆ ಕಂಡಿತೋ ತಿಳಿಯದು. ಒಂದು ರೊಟ್ಟಿ ತಿಂದು ಎದ್ದೆ. ಮಾರನೆಯ ವರ್ಷ ಅವಳ ಮದುವೆ ಆಯಿತು. ವರನ ಕಡೆಯವರು ಬೇರೆ ಯಾರೋ. ನನ್ನನ್ನು ಕರೆದರು, ಹೋದೆ. ಅರಿಷಿಣ ಹಚ್ಚುವ ಹೊತ್ತಿಗೆ ಅತ್ತಿಗೆ ನನ್ನನ್ನು ಅಡುಗೆಮನೆಯ ಉಸ್ತುವಾರಿಗೆ ಕಳಿಸಿದಳು, ಅದಕ್ಕೂ ಹೋದೆ. ಅಣ್ಣ ಸಾಯುವವರೆಗೂ ನಾವು ಚೆನ್ನಾಗಿಯೇ ಇದ್ದೆವು. ಆದರೆ ಅವನು ಕೊಟ್ಟ ಯಾವ ಕಾಗದಕ್ಕೂ ನಾನು ಪೂರಾ ಓದದೆ ಸಹಿ ಹಾಕಲಿಲ್ಲ.

ಅರ್ಜಿ ಖಾರಿಜಾದರೂ ದೀಪಾವಳಿಯ ಹೊತ್ತಿಗೆ ಲಿಂಗಸುಗೂರಿಗೆ ವಾಪಸು ಬಾ ಎಂದು ಹುಕುಂ ಬಂತು. ಶಿಕ್ಷೆಯಲ್ಲ, ಅಲ್ಲಿ ಕೆಲಸ ಹೆಚ್ಚಾಗಿದೆ ಅಂತ ಬರೆದಿದ್ದರು. ಇರಬಹುದು. ನಾನು ಆ ಕಾಗದವನ್ನೂ ಎರಡು ಸಲ ಓದಿ ಸಾಲುಗಳ ನಡುವೆ ಏನಾದರೂ ಇದೆಯೇ ಎಂದು ಹುಡುಕಿದೆ.

ಹೊರಡುವ ದಿನ ರುಕ್ಕಮ್ಮನ ಮನೆಗೆ ಹೋದೆ. ಮಳೆ ನಿಂತಿತ್ತು, ಅಂಗಳ ಒಣಗಿತ್ತು. ಆಕೆ ಹಪ್ಪಳ ಹರವುತ್ತಿದ್ದಳು. ನಾನು ಕಾಲು ಮುಟ್ಟಿ, "ತಪ್ಪಾತ್ರಿ. ನಿಮ್ಮ ಮ್ಯಾಲ ಸಂಶೆ ಪಟ್ಟೆ," ಎಂದೆ.

"ನಾನೂ ಪಟ್ಟೀನಲ್ಲ ನಿನ್ನ ಮ್ಯಾಲ," ಎಂದಳು. "ನಿನ್ನದು ಒಂದು ತಿಂಗಳು, ನಂದು ನಾಲ್ಕು ತಿಂಗಳು. ಕುಂಡ್ರು." ನಾನು ಕೂತೆ. ಇಬ್ಬರೂ ಕೂಡಿ ಹಪ್ಪಳ ತಿರುವಿ ಹಾಕಿದೆವು. ಸ್ವಲ್ಪ ಹೊತ್ತಿಗೆ ಆಕೆ ದನಿ ತಗ್ಗಿಸಿ ಕೇಳಿದಳು: "ಈಗರ ಖರೇ ಹೇಳು. ಹೆಂಗೂ ಹೊಂಟಿ. ಯಾಕ ಆಗಲಿಲ್ಲ ಮದುವಿ?"

ನನಗೆ ಸಿಟ್ಟು ಬರಲಿಲ್ಲ. ಮೂವತ್ತಮೂರು ವರ್ಷದಲ್ಲಿ ಮೊದಲ ಸಲ, ಕೇಳಿದವರಿಗೆ ಪೂರಾ ಹೇಳಿದೆ. ಸಣ್ಣವಳಿದ್ದಾಗ ಸೋದರಮಾವನಿಗೆ ಎಂದು ಮಾತಾಗಿತ್ತು. ಊರಿಗೆ ಪ್ಲೇಗು ಬಂದು ಎಲ್ಲರೂ ಹೊಲದ ಗುಡಿಸಲಿಗೆ ಹೋದೆವು, ಲಗ್ನ ಎರಡು ವರ್ಷ ಮುಂದೆ ಹೋಯಿತು. ಮಾವ ಕಾಯಲಿಲ್ಲ, ಬೇರೆ ಮಾಡಿಕೊಂಡ. ಆ ಎರಡು ವರ್ಷದಲ್ಲಿ ಅಪ್ಪ ನನಗೆ ಓದಲು ಕಲಿಸಿದ್ದರು. ಜವಳಗೇರಾದ ಸಂಬಂಧ ಬಂದಾಗ ನನಗೆ ಹದಿನಾಲ್ಕು. ಹೊಲದ ಬದುವಿನ ಮೇಲೆ ಅಪ್ಪ ಕೇಳಿದರು, ನಿನಗೆ ಮನಸ್ಸೈತೇನವ್ವ ಎಂದು. ನಾನು ವಿಚಾರ ಮಾಡಿ, ಇಲ್ಲ ಎಂದೆ. ಮತ್ತೆರಡು ಸಲ ಕೇಳಿದರು, ಒಮ್ಮೆ ದಲಾಲನ ಮಗನ ಸಲುವಾಗಿ, ಒಮ್ಮೆ ಮಾವ ಎರಡನೆಯವಳಾಗಿ ಕೇಳಿದಾಗ. ಎರಡು ಸಲವೂ ಇಲ್ಲ ಎಂದೆ. ಆಮೇಲೆ ಅವರು ಹೈದರಾಬಾದಿಗೆ ಕಳಿಸುವ ಮಾತು ಎತ್ತಿದರು.

"ಅಷ್ಟಽನ?" ಎಂದಳು ರುಕ್ಕಮ್ಮ.

"ಅಷ್ಟ ರೀ."

"ಯಾರ ಮ್ಯಾಲೂ ಮನಸ್ಸಿರಲಿಲ್ಲ? ಯಾರೂ ಮೋಸ ಮಾಡಿಲ್ಲ?"

"ಇಲ್ರಿ."

ಆಕೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಜೋಳದಲ್ಲಿ ಹರಳು ಹುಡುಕುವ ಹಾಗೆ. "ಓಣ್ಯಾಗ ಇದನ್ನ ಹೇಳಿದ್ರ ಯಾರೂ ನಂಬಾಂಗಿಲ್ಲ," ಎಂದಳು. "ನಾನೂ ಇನ್ನೂ ಪೂರಾ ನಂಬಿಲ್ಲವ್ವ."

ಹೊರಗೆ ಬಂಡಿಯವನು ಕೂಗಿದ. ನಾನು ಎದ್ದೆ. ರುಕ್ಕಮ್ಮ ಏಳಲಿಲ್ಲ, ಹಪ್ಪಳದ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದಳು.

"ನನಗ ಆರು ವರ್ಷಕ್ಕ ಕಟ್ಟಿದ್ರು, ಒಂಬತ್ತಕ್ಕ ಆತ ಹೋದ. ಮಾರಿನೂ ನೆನಪಿಲ್ಲ," ಎಂದಳು. "ಕಟ್ಟೂಮುಂದ ಯಾರೂ ಕೇಳಲಿಲ್ಲ. ಆತ ಸತ್ತ ಮ್ಯಾಲ, ಮುಂದ ಹೆಂಗ ಇರ್ತೀ ಅಂತ ಅದನ್ನೂ ಯಾರೂ ಕೇಳಲಿಲ್ಲ. ನಮ್ಮಪ್ಪ ನನ್ನ ಕೇಳಿದ್ರ ನಾ ಏನಂತಿದ್ನೋ..."

ಬಂಡಿಯವನು ಮತ್ತೊಮ್ಮೆ ಕೂಗಿದ. ನಾನು ಬಾಗಿಲು ದಾಟಿ ತಿರುಗಿ ನೋಡಿದಾಗಲೂ ಆಕೆ ಉತ್ತರ ಹುಡುಕುತ್ತಲೇ ಇದ್ದಳು.